ಹಣ ತಲುಪಿದೆ, ಲೆಕ್ಕ ಮುಗಿದಿಲ್ಲ

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ಇದೆ ಎಂದುಕೊಳ್ಳಿ. ದೊಡ್ಡ ಕಂಪನಿಯೊಂದಕ್ಕೆ ಅದು 500 ಬಿಡಿಭಾಗಗಳನ್ನು ತಯಾರಿಸಿ ಕೊಟ್ಟಿದೆ. ಪೀಸಿಗೆ 800 ರೂಪಾಯಿಯಂತೆ 4,00,000, ಅದರ ಮೇಲೆ ಶೇ. 18ರ ಜಿಎಸ್‌ಟಿ 72,000, ಒಟ್ಟು ಬಿಲ್ಲು 4,72,000 ರೂಪಾಯಿ. ಜೂನ್ 3ಕ್ಕೆ ಮಾಲು ತಲುಪಿತು. ಜೂನ್ 24ಕ್ಕೆ ಕಂಪನಿಯಿಂದ ಮೇಲ್ ಬಂತು: 60 ಪೀಸಿನ ಅಳತೆ ಸರಿಯಿಲ್ಲ, ರಿಜೆಕ್ಟ್. ಜುಲೈ 10ಕ್ಕೆ ಬ್ಯಾಂಕ್ ಖಾತೆಗೆ ಬಂದು ಬಿದ್ದದ್ದು 4,15,360 ರೂಪಾಯಿ. ಅದರ ಬೆನ್ನಿಗೇ ಇನ್ನೊಂದು ಮೇಲ್: ‘ಈ ಪಾವತಿಯೊಂದಿಗೆ ಸದರಿ ಬಿಲ್ಲಿನ ಲೆಕ್ಕ ಪೂರ್ತಿ ಚುಕ್ತಾ ಆಗಿದೆ.’

ವಾಪಸು ಬಂದ 60 ಪೀಸುಗಳನ್ನು ಮಾಲೀಕರು ತಾವೇ ಕೂತು ಅಳೆದರು. 25 ನಿಜಕ್ಕೂ ಕೆಟ್ಟಿದ್ದವು. ಉಳಿದ 35 ಡ್ರಾಯಿಂಗಿನಲ್ಲಿ ಕೊಟ್ಟ ಮಿತಿಯೊಳಗೇ ಇದ್ದವು. ಅಂದರೆ ಕಡಿತವಾದ 56,640 ರೂಪಾಯಿಯಲ್ಲಿ 23,600 ನ್ಯಾಯವಾದದ್ದು, 33,040 ತಕರಾರಿನದು. ಆ ಹಣವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ, ಅಷ್ಟಕ್ಕಾಗಿ ಮುಂದಿನ ಆರ್ಡರ್ ಕಳೆದುಕೊಳ್ಳಲೂ ಮನಸ್ಸಿಲ್ಲ. ಈಗ ಬರೆಯಬೇಕಾದ ಮೇಲ್ ಚಿಕ್ಕದು. ವಕೀಲರ ನೋಟಿಸಿನಂತೆ ಕೇಳಬಾರದು, ಹಾಗೆಂದು ‘ಒಪ್ಪಿದ್ದೇವೆ’ ಎಂದು ಓದಿಕೊಳ್ಳುವಂತೆಯೂ ಇರಬಾರದು. ಅದನ್ನು ಹೇಗೆ ಬರೆಯಬೇಕು ಎಂಬುದರ ಬಗ್ಗೆ ವಕೀಲರು, ಲೆಕ್ಕಿಗರು, ವ್ಯಾಪಾರಸ್ಥರು ಒಂದೇ ಮಾತು ಹೇಳುವುದಿಲ್ಲ. ಈ ಭಿನ್ನಮತಕ್ಕೆ ನಾಲ್ಕು ಶತಮಾನಗಳ ಹಿನ್ನೆಲೆಯಿದೆ.

ಕುದುರೆ, ಡೇಗೆ, ನಿಲುವಂಗಿ

1602ರಲ್ಲಿ ಇಂಗ್ಲೆಂಡಿನಲ್ಲಿ ಪಿನೆಲ್ ಎಂಬಾತನ ಮೊಕದ್ದಮೆಯೊಂದು ನಡೆಯಿತು. ಸಾಲದ ದಿನದಂದು ಪೂರ್ತಿ ಹಣದ ಬದಲು ಕಡಿಮೆ ಹಣ ಕೊಟ್ಟರೆ ಸಾಲ ತೀರುವುದಿಲ್ಲ ಎಂಬ ಸೂತ್ರ ಅಲ್ಲಿಂದ ಬಂದದ್ದು. ಹಣದ ಬದಲು ಒಂದು ಕುದುರೆಯನ್ನೋ ಡೇಗೆಯನ್ನೋ ನಿಲುವಂಗಿಯನ್ನೋ ಕೊಟ್ಟು ಸಾಲಿಗ ಒಪ್ಪಿದರೆ ತೀರುತ್ತದೆ, ಏಕೆಂದರೆ ಅವು ಅವನಿಗೆ ಹಣಕ್ಕಿಂತ ಹೆಚ್ಚು ಬೇಕಾದ ವಸ್ತುಗಳಿರಬಹುದು. ಹತ್ತು ರೂಪಾಯಿಯ ಜಾಗದಲ್ಲಿ ಎಂಟು ರೂಪಾಯಿ ಯಾರಿಗೂ ಹೆಚ್ಚಲ್ಲ. 1884ರಲ್ಲಿ ಫೋಕ್ಸ್ ಮತ್ತು ಬೀರ್ ನಡುವಿನ ಪ್ರಕರಣದಲ್ಲಿ ಅಲ್ಲಿನ ಲಾರ್ಡ್ಸ್ ಸಭೆಯೂ ಈ ಸೂತ್ರವನ್ನೇ ಎತ್ತಿಹಿಡಿಯಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1889ರ ಡೇ ಮತ್ತು ಮೆಕ್‌ಲೀ ಪ್ರಕರಣ. ಪೂರ್ತಿ ಚುಕ್ತಾ ಎಂದು ಕಳಿಸಿದ ಚೆಕ್ಕನ್ನು ಇಟ್ಟುಕೊಂಡವರು ‘ಲೆಕ್ಕಕ್ಕೆ ಜಮಾ’ ಎಂಬರ್ಥದ ರಸೀದಿ ಕಳಿಸಿದ್ದರು. ಚೆಕ್ ಇಟ್ಟುಕೊಂಡ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ, ಒಪ್ಪಿದ್ದರೋ ಇಲ್ಲವೋ ಎಂಬುದನ್ನು ಸಂದರ್ಭ ನೋಡಿ ತೀರ್ಮಾನಿಸಬೇಕು ಎಂದು ನ್ಯಾಯಾಲಯ ಹೇಳಿತು.

ಈ ಇಂಗ್ಲಿಷ್ ಸೂತ್ರವನ್ನು ನಂಬಿಕೊಂಡು ಭಾರತದಲ್ಲಿ ನಿಶ್ಚಿಂತೆಯಿಂದಿರುವವರು ಎಡವುತ್ತಾರೆ. 1872ರ ನಮ್ಮ ಕರಾರು ಕಾಯ್ದೆಯ 63ನೇ ಕಲಮು ಬೇರೆಯೇ ದಾರಿ ಹಿಡಿದಿದೆ. ಸಾಲಿಗ ತನಗೆ ಬರಬೇಕಾದ್ದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು, ಅದಕ್ಕೆ ಪ್ರತಿಫಲ ಬೇಕಿಲ್ಲ. ಕಾಯ್ದೆಯೇ ಕೊಡುವ ಉದಾಹರಣೆ ಸ್ಪಷ್ಟವಾಗಿದೆ: 5,000 ರೂಪಾಯಿ ಸಾಲಕ್ಕೆ 2,000 ಕೊಟ್ಟು, ಪಡೆಯುವವನು ಅದನ್ನು ಪೂರ್ತಿ ತೀರುವಳಿಯೆಂದು ಒಪ್ಪಿ ತೆಗೆದುಕೊಂಡರೆ ಇಡೀ ಸಾಲ ತೀರಿತು. ಹಾಗಾಗಿ ಇಲ್ಲಿ ಎಲ್ಲವೂ ‘ಒಪ್ಪಿ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಪೀಣ್ಯದ ಮಾಲೀಕರು ಬರೆಯುವ ಮೇಲ್‌ಗೆ ಇರುವ ಕೆಲಸವೂ ಒಂದೇ. ಆ ಒಪ್ಪಿಗೆ ಇರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಬೇಕು.

ಅಮೆರಿಕದಲ್ಲಿ ದುಡಿಯುವ ಕನ್ನಡಿಗ ಸ್ನೇಹಿತರು ಕೆಲವೊಮ್ಮೆ ಅಲ್ಲಿನ ಪದ್ಧತಿಯನ್ನೇ ಇಲ್ಲಿಗೂ ಹೇಳುತ್ತಾರೆ. ಅಲ್ಲಿನ ವಾಣಿಜ್ಯ ಸಂಹಿತೆಯಲ್ಲಿ ‘ಪ್ರತಿಭಟನೆಯೊಂದಿಗೆ’ ಎಂಬಂಥ ಮಾತು ಬರೆದು ಹಕ್ಕು ಉಳಿಸಿಕೊಳ್ಳುವ ಅವಕಾಶವಿತ್ತು. ಪೂರ್ತಿ ತೀರುವಳಿಯ ಚೆಕ್ಕಿಗೂ ಅದು ಅನ್ವಯಿಸುತ್ತದೋ ಇಲ್ಲವೋ ಎಂದು ರಾಜ್ಯಗಳ ನ್ಯಾಯಾಲಯಗಳು ಬೇರೆಬೇರೆಯಾಗಿ ಹೇಳಿದವು. 1990ರ ತಿದ್ದುಪಡಿ ಅದು ಅನ್ವಯಿಸುವುದಿಲ್ಲ ಎಂದು ಹೇಳಿ, ಬದಲಿಗೆ 90 ದಿನದೊಳಗೆ ಹಣ ಹಿಂತಿರುಗಿಸುವ ದಾರಿ ತೆರೆಯಿತು. ಚೆಕ್ಕಿನ ಹಿಂದೆ ಷರಾ ಬರೆದು ನಗದು ಮಾಡಿಕೊಂಡರೆ ಸಾಕು ಎಂಬ ನಂಬಿಕೆಗೆ ಅಲ್ಲಿಯೇ ಈಗ ಆಧಾರ ಕಡಿಮೆ.

ಮಂತ್ರದ ಮಾತಿನ ಪಂಥ

ನಮ್ಮಲ್ಲಿ ಬಹುಮಂದಿ ನಂಬಿರುವುದು ಒಂದು ಮಂತ್ರವನ್ನು. ಮೇಲ್‌ನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ವಿಥೌಟ್ ಪ್ರಿಜುಡಿಸ್’ ಎಂದು ಹಾಕಿಬಿಟ್ಟರೆ ಕೆಳಗೆ ಏನು ಬರೆದರೂ ರಕ್ಷಣೆ ಇದೆ ಎಂಬ ನಂಬಿಕೆ. ಕಚೇರಿಯ ಕನ್ನಡದಲ್ಲಿ ಅದು ‘ನಮ್ಮ ಹಕ್ಕುಗಳಿಗೆ ಬಾಧಕವಿಲ್ಲದಂತೆ’ ಆಗುತ್ತದೆ.

ಈ ಪಂಥದ ತೊಂದರೆ ಏನೆಂದರೆ, ಆ ಎರಡು ಪದಗಳು ಎರಡು ಬೇರೆ ಕೆಲಸ ಮಾಡುತ್ತವೆ. ಒಂದು ಕೆಲಸ ಹಕ್ಕು ಕಾಯ್ದಿರಿಸುವುದು: ‘ಈ ಹಣ ಪಡೆದದ್ದರಿಂದ ಉಳಿದದ್ದನ್ನು ಬಿಟ್ಟಂತಲ್ಲ’ ಎಂದು ಹೇಳುವುದು. ಇನ್ನೊಂದು ಕೆಲಸ ರಾಜಿ ಮಾತುಕತೆಗೆ ಪರದೆ ಕಟ್ಟುವುದು: ‘ಇಲ್ಲಿ ನಾನು ಬಿಟ್ಟುಕೊಡಲು ಸಿದ್ಧನೆಂದು ಹೇಳಿದ್ದನ್ನು ಮುಂದೆ ನನ್ನ ವಿರುದ್ಧ ಕೋರ್ಟಿನಲ್ಲಿ ತೋರಿಸಬಾರದು’ ಎಂದು. ಈ ಎರಡನೆಯದಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 23ನೇ ಕಲಮಿನ ಆಸರೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 21ನೇ ಕಲಮಾಗಿದೆ.

ಮೊದಲನೆಯ ಕೆಲಸಕ್ಕಾಗಿ ಬರೆದ ಕಾಗದವನ್ನು ನಾಳೆ ಎಲ್ಲರ ಮುಂದೆ ಎತ್ತಿ ತೋರಿಸಬೇಕು, ಎರಡನೆಯದನ್ನು ಮುಚ್ಚಿಡಬೇಕು. ತಕರಾರಿನ ಮೇಲ್‌ಗೆ ಆ ಮುದ್ರೆ ಹೊಡೆದರೆ, ‘ಇದು ರಾಜಿ ಪತ್ರ, ಇದನ್ನು ನೋಡುವಂತಿಲ್ಲ’ ಎಂದು ಎದುರಿನವರು ವಾದಿಸಲು ನಾವೇ ಎಡೆಮಾಡಿಕೊಟ್ಟಂತೆ. ನ್ಯಾಯಾಲಯಗಳು ಮುದ್ರೆಗಿಂತ ಒಳಗಿನ ವಿಷಯವನ್ನು ನೋಡುತ್ತವೆ ಎಂಬುದು ನಿಜ. ಆದರೂ ಉಳಿಸಬೇಕಾದ ಕಾಗದದ ಮೇಲೆ ಅನುಮಾನದ ಗೆರೆ ಎಳೆಯುವುದೇಕೆ? ಕೇಳುವ ಕಿವಿಗೂ ಆ ಮಾತು ಕಹಿ. ಬಹುತೇಕರು ಅದನ್ನು ಮೊದಲ ಬಾರಿಗೆ ನೋಡಿದ್ದೇ ವಕೀಲರ ನೋಟಿಸಿನಲ್ಲಿ. ಲೆಕ್ಕ ವಿಭಾಗದ ಗುಮಾಸ್ತರು ಅದನ್ನು ಕಂಡ ಕೂಡಲೇ ಮೇಲ್ ಅನ್ನು ಕಾನೂನು ವಿಭಾಗಕ್ಕೆ ದಾಟಿಸುತ್ತಾರೆ. ಅಲ್ಲಿಗೆ ಫೋನಿನಲ್ಲಿ ಬಗೆಹರಿಯಬಹುದಾಗಿದ್ದ 33,040 ರೂಪಾಯಿ ಫೈಲಾಗುತ್ತದೆ.

ಜಮಾ-ಬಾಕಿಯ ಪಂಥ

ಎರಡನೆಯ ಪಂಥ ಲೆಕ್ಕ ಬರೆಯುವವರದು, ನನ್ನ ಒಲವೂ ಇತ್ತಲೇ. ನಿಲುವನ್ನು ಘೋಷಿಸಬೇಡಿ, ಲೆಕ್ಕವನ್ನು ಬರೆಯಿರಿ ಎನ್ನುತ್ತಾರೆ ಇವರು. ಬಂದದ್ದೆಷ್ಟು, ಯಾವ ಖಾತೆಗೆ ಜಮಾ ಮಾಡಿಕೊಂಡೆವು, ಬಾಕಿ ಎಷ್ಟು, ಆ ಬಾಕಿ ಯಾವುದಕ್ಕೆ ಸಂಬಂಧಿಸಿದ್ದು. ‘4,15,360 ರೂಪಾಯಿಯನ್ನು ಈ ಬಿಲ್ಲಿನ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೇವೆ. 33,040 ರೂಪಾಯಿ ಬಾಕಿ ನಿಂತಿದೆ’ ಎಂಬ ವಾಕ್ಯದಲ್ಲಿ ಹಕ್ಕು ಎಂಬ ಪದವಿಲ್ಲ, ಕಾನೂನು ಎಂಬ ಪದವಿಲ್ಲ. ಆದರೂ ಪೂರ್ತಿ ತೀರುವಳಿಯೆಂದು ಒಪ್ಪಿಲ್ಲ ಎಂಬುದು ಅದರಲ್ಲಿ ಅನುಮಾನಕ್ಕೆಡೆಯಿಲ್ಲದಂತೆ ಇದೆ. 1889ರ ರಸೀದಿ ಮಾಡಿದ್ದೂ ಇದನ್ನೇ. ತಲೆಮಾರುಗಳಿಂದ ನಮ್ಮ ಅಂಗಡಿಯ ಖಾತೆ ಪುಸ್ತಕ ಆಡುತ್ತ ಬಂದ ಭಾಷೆ ಇದು, ಯಾರಿಗೂ ನೋವಾಗುವುದಿಲ್ಲ.

ಈ ಪಂಥದ ಬಲ ಅಂಕಿಗಳಲ್ಲಿದೆ, ಅದರ ಅಪಾಯವೂ ಅಲ್ಲೇ ಇದೆ. ಮೇಲ್‌ನಲ್ಲಿ 33,040 ಬಾಕಿ ಎಂದು ಬರೆದು, ಎರಡು ದಿನದ ಮೇಲೆ ಕಂಪನಿಯ ಒತ್ತಾಯಕ್ಕೆ ಲೆಕ್ಕಿಗರು 56,640 ರೂಪಾಯಿಗೂ ಕ್ರೆಡಿಟ್ ನೋಟ್ ಕಳಿಸಿದರೆ ಮೇಲ್ ಸತ್ತಂತೆ. ಬಿಲ್ಲಿನ ಮೊತ್ತವನ್ನೇ ನಾವು ಇಳಿಸಿಕೊಂಡೆವು ಎಂದು ಕ್ರೆಡಿಟ್ ನೋಟ್ ಹೇಳುತ್ತದೆ, ಜಿಎಸ್‌ಟಿ ದಾಖಲೆಯಲ್ಲೂ ಹಾಗೆಂದೇ ಉಳಿಯುತ್ತದೆ. ಕಳಿಸಬೇಕಾದ್ದು 23,600ಕ್ಕೆ ಮಾತ್ರ. ಇನ್ನೊಂದು ಗುಂಡಿ ಮಾರ್ಚ್ 31ರ ಬ್ಯಾಲೆನ್ಸ್ ದೃಢೀಕರಣ ಪತ್ರ. ಕಂಪನಿಯ ಆಡಿಟರು ಕಳಿಸಿದ ಶೂನ್ಯ ಬಾಕಿಯ ಹಾಳೆಗೆ ಯಾರೋ ಸಹಿ ಹಾಕಿ ಕಳಿಸಿಬಿಡುತ್ತಾರೆ. ಚೆನ್ನಾಗಿ ಬರೆದ ಮೇಲ್‌ಗಳು ಕೋರ್ಟಿನಲ್ಲಿ ಸೋಲುವ ಮೊದಲೇ ಸ್ವಂತ ಕಚೇರಿಯ ಮೇಜಿನ ಮೇಲೆ ಸೋಲುವುದು ಹೀಗೆ.

ನಡತೆಯ ಪಂಥ

ಮೂರನೆಯವರು ಹೇಳುವುದು ಕಠಿಣವಾಗಿದೆ: ಮಾತು ಏನೇ ಇರಲಿ, ನೀವು ಮಾಡಿದ್ದೇನು? ಇವರ ಕೈಯಲ್ಲಿರುವ ದೊಡ್ಡ ಆಧಾರ ಭಗವತಿ ಪ್ರಸಾದ್ ಪವನ್ ಕುಮಾರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ನಷ್ಟ ಪರಿಹಾರ ಕೇಳಿದ್ದ ವ್ಯಾಪಾರಿಗೆ ರೈಲ್ವೆ ಚೆಕ್ ಕಳಿಸಿತು. ಜೊತೆಗಿದ್ದ ಪತ್ರದಲ್ಲಿ, ಒಪ್ಪಿಗೆಯಿಲ್ಲದಿದ್ದರೆ ಚೆಕ್ ಕೂಡಲೇ ಹಿಂತಿರುಗಿಸಿ, ಇಲ್ಲವಾದರೆ ಪೂರ್ತಿ ತೀರುವಳಿಗೆ ಒಪ್ಪಿದಂತೆ ಎಂದಿತ್ತು. ವ್ಯಾಪಾರಿ ಚೆಕ್ ನಗದು ಮಾಡಿಕೊಂಡರು, ಆಕ್ಷೇಪದ ಪತ್ರವನ್ನೂ ಬರೆದರು. ಆಕ್ಷೇಪ ಮೊದಲು ಹೋಗಿ ಆಮೇಲೆ ಚೆಕ್ ನಗದಾಗಿದ್ದರೆ ಒಪ್ಪಿಗೆ ಎನ್ನಲು ಬರುತ್ತಿರಲಿಲ್ಲ. ಆದರೆ ಮೊದಲು ಆಕ್ಷೇಪ ಹೋಯಿತೆಂದು ತೋರಿಸುವ ಸಾಕ್ಷಿ ಇರಲಿಲ್ಲ. ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ ನಡತೆಯಿಂದಲೇ ಒಪ್ಪಿಗೆ ಆಯಿತು ಎಂದು ತೀರ್ಪಾಯಿತು.

ಈ ತೀರ್ಪನ್ನು ಓದಿದ ಮೇಲೆ, ಯಾವ ಪದ ಬಳಸಬೇಕು ಎಂಬ ಚರ್ಚೆಗಿಂತ ಮೇಲ್ ಯಾವ ಹೊತ್ತಿಗೆ ಹೋಯಿತು ಎಂಬುದು ದೊಡ್ಡದಾಗಿ ಕಾಣುತ್ತದೆ. ಚೆಕ್ ಬಂದಿದ್ದರೆ ಬ್ಯಾಂಕಿಗೆ ಹಾಕುವ ಮೊದಲು ಮೇಲ್ ಹೋಗಬೇಕು.

ಸಹಿ ಹಾಕಿದ ಮೇಲೂ ದಾರಿ ಪೂರ್ತಿ ಮುಚ್ಚುವುದಿಲ್ಲ ಎಂಬುದನ್ನು 2008ರ ಬೋಘರಾ ಪಾಲಿಫ್ಯಾಬ್ ಪ್ರಕರಣ ತೋರಿಸಿತು. ವಿಮಾ ಕಂಪನಿ ಹಣ ಕೊಡುವ ಮೊದಲೇ ತೀರುವಳಿ ವೋಚರಿಗೆ ಸಹಿ ಪಡೆದಿತ್ತು. ಒತ್ತಾಯದಿಂದ ಪಡೆದ ಸಹಿ ವಿವಾದವನ್ನು ಮುಗಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮುಂದೆ ಜೀನಸ್ ಪವರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಹಿ ಹಾಕಿ ಕೆಲವು ವಾರ ಸುಮ್ಮನಿದ್ದು ಆಮೇಲೆ ಒತ್ತಾಯವಿತ್ತು ಎಂದು ಬರಿದೇ ಹೇಳಿದರೆ ಸಾಲದು ಎಂದಿತು. ಅಲ್ಲೂ ಮೌನವೇ ತೊಡಕಾಯಿತು.

ಬೆದರಿಕೆ ಹುಟ್ಟುವ ಜಾಗ

ನಾಲ್ಕನೆಯವರು ಸಂಬಂಧವೇ ಮುಖ್ಯ ಎನ್ನುವವರು. ಮೊದಲು ಫೋನ್ ಮಾಡಿ, ಮಾತಾಡಿ, ಆಮೇಲೆ ಬರೆಯಿರಿ ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಫೋನ್ ಮೊದಲು ಹೋಗಲಿ, ಆದರೆ ಮೇಲ್ ಅದೇ ದಿನ ಹೋಗಲಿ. ಅವರಿಂದ ಕಲಿಯಬೇಕಾದ್ದು ಧ್ವನಿಯ ಬಗ್ಗೆ.

ಕನ್ನಡದಲ್ಲಿ ಬೆದರಿಕೆಗೆ ಒಂದು ಗುರುತಿನ ಪದವಿದೆ: ‘ತಪ್ಪಿದಲ್ಲಿ’. ‘ಏಳು ದಿನದೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ’ ಎಂದ ಕೂಡಲೇ ಓದುವವರು ಕೋರ್ಟಿನ ಮೆಟ್ಟಿಲನ್ನು ಕಾಣುತ್ತಾರೆ. ಬೆದರಿಕೆಯ ವಾಕ್ಯ ಯಾವಾಗಲೂ ಮುಂದೆ ನಾವು ಅವರಿಗೆ ಏನು ಮಾಡುತ್ತೇವೆ ಎಂಬುದರ ಬಗ್ಗೆ ಇರುತ್ತದೆ. ನಿಲುವು ಕಾಯ್ದಿರಿಸುವ ವಾಕ್ಯ ಹಣ ಈ ಹೊತ್ತು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದರ ಬಗ್ಗೆ ಇರುತ್ತದೆ. ಹೀಗಾಗಿ ಷರತ್ತಿನ ವಾಕ್ಯಗಳನ್ನು ತೆಗೆದುಹಾಕಿದರೆ ಧ್ವನಿ ತಾನಾಗಿ ಇಳಿಯುತ್ತದೆ, ನಿಲುವು ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಅನುಕೂಲ ನಮ್ಮ ಕ್ರಿಯಾಪದಗಳಲ್ಲಿದೆ. ‘ನೀವು ಕಡಿದುಕೊಂಡ ಹಣ’ ಎಂದರೆ ಬೆರಳು ತೋರಿಸಿದಂತೆ. ‘ಕಡಿತವಾಗಿರುವ ಮೊತ್ತ’ ಎಂದರೆ ಅದೇ ಹಣ, ಬೆರಳಿಲ್ಲ.

ಮೆತ್ತಗಿರಲು ಹೋಗಿ ಒಪ್ಪಿಬಿಡುವ ಅಪಾಯ ಬೆದರಿಕೆಯಷ್ಟೇ ದೊಡ್ಡದು. ನಮ್ಮ ‘ಸರಿ’ ಎಂಬ ಪದ ಕೇಳಿಸಿತು ಎನ್ನುವುದಕ್ಕೂ ಒಪ್ಪಿದೆ ಎನ್ನುವುದಕ್ಕೂ ನಡೆಯುತ್ತದೆ. ‘ಸರಿ ಸರ್, ಹಣ ಬಂತು, ಥ್ಯಾಂಕ್ಸ್’ ಎಂದು ಬರೆದವರು ಕೇಳಿಸಿತು ಎಂದುಕೊಂಡಿರುತ್ತಾರೆ. ಓದುವವರಿಗೆ ಅದು ಚುಕ್ತಾಗೆ ಸಿಕ್ಕ ಒಪ್ಪಿಗೆ. ‘ಅಡ್ಜಸ್ಟ್ ಮಾಡಿಕೊಳ್ಳೋಣ’ ಎಂಬುದೂ ಹಾಗೆಯೇ.

ಪೀಣ್ಯದ ಮೇಲ್

ಹಾಗಾದರೆ ಆ ಮಾಲೀಕರು ಬರೆಯಬೇಕಾದ್ದೇನು? ನಾನಾದರೆ ಜುಲೈ 10ರ ಸಂಜೆಯೇ, ಕಂಪನಿಯ ಮೇಲ್‌ಗೆ ಉತ್ತರವಾಗಿಯೇ, ಹೀಗೆ ಬರೆಯುತ್ತೇನೆ:

‘ನಮಸ್ಕಾರ ಸರ್, ಇಂದು 4,15,360 ರೂಪಾಯಿ ತಲುಪಿದೆ, ಧನ್ಯವಾದಗಳು. ಇದನ್ನು ಸದರಿ ಬಿಲ್ಲಿನ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೇವೆ. ವಾಪಸು ಬಂದ 60 ಪೀಸುಗಳನ್ನು ಅಳೆದಿದ್ದೇವೆ. 25 ಪೀಸಿನ ವಿಷಯದಲ್ಲಿ ನಿಮ್ಮ ಮಾತು ನಿಜ. ಅದಕ್ಕೆ 23,600 ರೂಪಾಯಿಯ ಕ್ರೆಡಿಟ್ ನೋಟ್ ಕಳಿಸುತ್ತೇವೆ. ಉಳಿದ 35 ಪೀಸು ಡ್ರಾಯಿಂಗಿನ ಮಿತಿಯೊಳಗಿವೆ, ಅಳತೆಯ ಹಾಳೆ ಲಗತ್ತಿಸಿದ್ದೇವೆ. ಅದರ 33,040 ರೂಪಾಯಿ ನಮ್ಮ ಲೆಕ್ಕದಲ್ಲಿ ಬಾಕಿ ಇದೆ. ಹಾಗಾಗಿ ಬಿಲ್ಲು ಪೂರ್ತಿ ಚುಕ್ತಾ ಆಗಿದೆ ಎಂದು ಸದ್ಯಕ್ಕೆ ನಾವು ಬರೆದುಕೊಂಡಿಲ್ಲ. ಮಾಲು ಜೂನ್ 3ಕ್ಕೆ ತಲುಪಿದ್ದು, ರಿಜೆಕ್ಷನ್ ಮೇಲ್ ಜೂನ್ 24ರದು. ನಿಮ್ಮ ಕ್ವಾಲಿಟಿ ವಿಭಾಗದವರೊಂದಿಗೆ ಕೂತು ಆ 35 ಪೀಸುಗಳನ್ನು ಒಮ್ಮೆ ಅಳೆಯೋಣ. ಬುಧವಾರ ಅಥವಾ ಗುರುವಾರ ಬರಬಹುದೇ?’

ಇಲ್ಲಿ ನಿಲುವನ್ನು ಕಾಯುತ್ತಿರುವುದು ‘ಚುಕ್ತಾ ಆಗಿದೆ ಎಂದು ನಾವು ಬರೆದುಕೊಂಡಿಲ್ಲ’ ಎಂಬ ಒಂದೇ ವಾಕ್ಯ. ಅವರು ಬಳಸಿದ ಪದವನ್ನೇ ಎತ್ತಿಕೊಂಡು ಅಲ್ಲಗಳೆಯುತ್ತದೆ, ಆದ್ದರಿಂದ ಉತ್ತರ ಯಾವುದಕ್ಕೆ ಎಂಬ ಗೊಂದಲ ಉಳಿಯುವುದಿಲ್ಲ. 25 ಪೀಸಿನ ತಪ್ಪನ್ನು ಬಿಚ್ಚುಮನಸ್ಸಿನಿಂದ ಒಪ್ಪಿದ್ದು ಉಳಿದ 35ರ ಮಾತಿಗೆ ತೂಕ ತರುತ್ತದೆ.

ದಿನಾಂಕಗಳ ವಾಕ್ಯ ಸುಮ್ಮನೆ ಬಂದದ್ದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ತಲುಪಿದ ದಿನವನ್ನೇ ಸ್ವೀಕಾರದ ದಿನವೆಂದು ಹಿಡಿಯಬೇಕು. ಪಾವತಿಯ ಗಡುವು ಅಲ್ಲಿಂದ ಎಣಿಕೆಯಾಗುತ್ತದೆ, ಒಪ್ಪಂದವಿದ್ದರೂ ಅದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮೆಷಿನ್ ಶಾಪ್ ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಮಾಡಿಸಿದ್ದರೆ ಈ ರಕ್ಷಣೆಯನ್ನು ಕೇಳಬಹುದು. ತಡವಾಗಿ ಆಕ್ಷೇಪಿಸಿದ ಮಾತ್ರಕ್ಕೆ ಕೆಟ್ಟ ಪೀಸು ಒಳ್ಳೆಯದಾಗುವುದಿಲ್ಲ ಎಂಬುದೂ ನೆನಪಿರಬೇಕು. ಕಾಯ್ದೆಯ ಹೆಸರು ಮೇಲ್‌ನಲ್ಲಿ ಬರಲೇಬೇಕಿಲ್ಲ. ಎರಡು ದಿನಾಂಕಗಳನ್ನು ಬರೆದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಅದು ಬೆದರಿಕೆಯೂ ಆಗುವುದಿಲ್ಲ.

‘15,000 ಕೊಟ್ಟರೆ ಇಲ್ಲಿಗೇ ಮುಗಿಸೋಣ’ ಎಂಬ ಯೋಚನೆ ಮಾಲೀಕರಿಗಿದ್ದರೆ ಅದು ಈ ಮೇಲ್‌ನಲ್ಲಿ ಬರಬಾರದು. ಅದಕ್ಕೆ ಬೇರೆ ಮೇಲ್, ಅದರ ತಲೆಯಲ್ಲಿ ‘ರಾಜಿ ಮಾತುಕತೆಗಾಗಿ ಮಾತ್ರ’ ಎಂಬ ಒಕ್ಕಣೆ. ಮಂತ್ರದ ಪಂಥದವರ ಮುದ್ರೆಗೆ ತಕ್ಕ ಜಾಗ ಅದು.

ಕೊಳ್ಳುವವರ ಕಡೆಯಿಂದ ಬರೆಯುವಾಗಲೂ ದಾರಿ ಇದೇ. ‘60 ಪೀಸಿನ ತಪಾಸಣೆ ಮುಗಿಯುವವರೆಗೆ ಅದರ ಮೊತ್ತ ಬಿಟ್ಟು ಉಳಿದದ್ದನ್ನು ಇಂದು ಕಳಿಸಿದ್ದೇವೆ. 60 ಪೀಸಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ’ ಎಂದು ಬರೆದಿದ್ದರೆ ಕಂಪನಿಯ ನಿಲುವಿಗೂ ಧಕ್ಕೆಯಿರುತ್ತಿರಲಿಲ್ಲ, ತಕರಾರೂ ಇಷ್ಟು ಬಿಗಿಯಾಗುತ್ತಿರಲಿಲ್ಲ.

ಇನ್ನೂ ಬಗೆಹರಿಯದ್ದು

2006ರ ತೀರ್ಪು ಚೆಕ್ಕಿನ ಕಾಲದ್ದು. ಚೆಕ್ಕನ್ನು ಡ್ರಾಯರಿನಲ್ಲಿಟ್ಟು ಯೋಚಿಸಬಹುದಿತ್ತು, ಹಿಂತಿರುಗಿಸಬಹುದಿತ್ತು. ನೆಫ್ಟ್ ಹಣ ನಮ್ಮನ್ನು ಕೇಳಿ ಬರುವುದಿಲ್ಲ. ಹಣ ಮೊದಲು ಬಂದು ‘ಚುಕ್ತಾ’ ಎಂಬ ಮೇಲ್ ಆಮೇಲೆ ಬಂದರೆ ‘ಒಪ್ಪಿ ತೆಗೆದುಕೊಂಡ’ ಕ್ಷಣ ಯಾವುದು? ಖಾತೆಗೆ ಬಿದ್ದದ್ದೋ, ಅದರಿಂದ ಸಂಬಳ ಕೊಟ್ಟದ್ದೋ, ಮೇಲ್ ಓದಿ ಸುಮ್ಮನಿದ್ದದ್ದೋ? ಅದೇ ದಿನ ಉತ್ತರಿಸಿದವರು ಹೆಚ್ಚು ಭದ್ರ ಎಂಬುದು ನನ್ನ ಎಣಿಕೆ. ಆದರೆ ಇಷ್ಟು ದಿನದೊಳಗೆ ಎಂಬ ಗೆರೆಯನ್ನು ಕಾಯ್ದೆ ಎಳೆದಿಲ್ಲ.

ಎರಡನೆಯದು ಮೊಬೈಲಿನ ಉತ್ತರಗಳದು. 2023ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ನ್ಯಾಯಾಲಯವೊಂದು, ಅಗಸೆ ಬೀಜದ ಮಾರಾಟದ ಒಪ್ಪಂದದ ಚಿತ್ರಕ್ಕೆ ರೈತ ಕಳಿಸಿದ ಹೆಬ್ಬೆರಳಿನ ಎಮೋಜಿಯನ್ನು ಒಪ್ಪಿಗೆಯೆಂದು ಹಿಡಿಯಿತು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಮೇಲ್‌ನಲ್ಲಿ ಬಾಕಿ ಎಂದು ಬರೆದು, ಅದೇ ಸಂಜೆ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರೆ ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂದು ಖಚಿತವಾಗಿ ಹೇಳುವುದು ಕಷ್ಟ.

ಮೂರನೆಯದು, ಒಮ್ಮೆ ಕಾಯ್ದಿರಿಸಿದ ನಿಲುವು ಎಷ್ಟು ಕಾಲ ಬಾಳುತ್ತದೆ ಎಂಬುದು. ಬಾಕಿ ಇದೆ ಎಂದು ಬರೆದು, ಆಮೇಲೆ ಹತ್ತು ಬಿಲ್ಲುಗಳಲ್ಲಿ ಅದೇ ಬಗೆಯ ಕಡಿತವನ್ನು ಮಾತಿಲ್ಲದೆ ನುಂಗಿಕೊಂಡವರ ಮೊದಲ ಮೇಲ್‌ಗೆ ಎಷ್ಟು ಬೆಲೆ ಉಳಿದೀತು ಎಂಬುದು ಪ್ರತಿ ಪ್ರಕರಣದಲ್ಲೂ ಹೊಸದಾಗಿ ತೀರ್ಮಾನವಾಗಬೇಕಾದ್ದು. ಇದರಲ್ಲಿ ಬಗೆಹರಿದ ಒಂದೇ ಅಂಶ ಕಾಲಮಿತಿಯದು. ಮಾಲಿನ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವುದು ಮೂರು ವರ್ಷ. ಬಾಕಿ ಇದೆ ಎಂದು ಎದುರಿನವರು ಆ ಅವಧಿಯೊಳಗೆ ಬರೆದು ಒಪ್ಪಿಕೊಂಡರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ನಾವೇ ಬರೆದ ಮೇಲ್, ಎಷ್ಟು ಜಾಣತನದ್ದಾದರೂ, ಎಷ್ಟು ಸಲ ಕಳಿಸಿದರೂ, ಆ ಗಡುವನ್ನು ಒಂದು ದಿನವೂ ಮುಂದಕ್ಕೆ ಹಾಕುವುದಿಲ್ಲ. ಮೇಲ್ ಕಳಿಸಿದ ದಿನವೇ ಆ ಮೂರು ವರ್ಷ ಮುಗಿಯುವ ದಿನಾಂಕವನ್ನೂ ಲೆಕ್ಕ ಹಾಕಿ ಬಿಲ್ಲಿನ ಫೈಲಿನ ಮೇಲೆ ಬರೆದಿಡಿ.